ನಾಲ್ಕು ಕಡ್ಡಿ ಹೇಳದ ಲೆಕ್ಕ

ಸಂಜೆ ಆರಕ್ಕೆ ಹೋದ ಕರೆಂಟ್ ಒಂಬತ್ತಕ್ಕೆ ಬರುತ್ತದೆ. ಬಂದ ಸ್ವಲ್ಪ ಹೊತ್ತಿಗೇ ಯುಪಿಎಸ್ ಪರದೆಯ ಮೇಲೆ ಬ್ಯಾಟರಿಯ ನಾಲ್ಕೂ ಕಡ್ಡಿ ಮೂಡುತ್ತವೆ. ಹತ್ತಕ್ಕೆ ಮತ್ತೆ ಕರೆಂಟ್ ಹೋದಾಗ, ಹೇಗೂ ಫುಲ್ ಆಗಿದೆಯಲ್ಲ ಎಂದು ಮನೆಯವರು ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ಬೆಳಗಾಗುವ ಮೊದಲೇ ಯುಪಿಎಸ್ ಕೂಗಿಕೊಂಡು ನಿಂತುಬಿಡುತ್ತದೆ. ಬ್ಯಾಟರಿ ಹೋಯಿತು ಎಂದು ಮಾರನೆಯ ದಿನ ಅಂಗಡಿಗೆ ಫೋನ್ ಹೋಗುತ್ತದೆ. ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ತಪ್ಪಿರುವುದು ಕಡ್ಡಿಗಳು.

ಸಾಧಾರಣ ಯುಪಿಎಸ್‌ಗಳು ಈ ಕಡ್ಡಿಗಳನ್ನು ಬ್ಯಾಟರಿಯ ವೋಲ್ಟೇಜ್ ನೋಡಿ ಹಚ್ಚುತ್ತವೆ. ವೋಲ್ಟೇಜಿಗೂ ಚಾರ್ಜಿಗೂ ಸಂಬಂಧ ಇಲ್ಲವೆಂದಲ್ಲ. ಆದರೆ ಆ ಸಂಬಂಧ ನಿಜವಾಗುವುದು ಬ್ಯಾಟರಿಯಿಂದ ಏನನ್ನೂ ತೆಗೆಯದೆ, ಅದಕ್ಕೆ ಏನನ್ನೂ ತುಂಬದೆ ಕೆಲವು ಗಂಟೆ ಸುಮ್ಮನೆ ಬಿಟ್ಟಾಗ ಮಾತ್ರ. ದಿನವಿಡೀ ಕೆಲಸದಲ್ಲಿರುವ ಬ್ಯಾಟರಿಗೆ ಅಂಥ ಬಿಡುವು ಸಿಗುವುದೇ ಇಲ್ಲ.

ಲೆಡ್-ಆಸಿಡ್ ಬ್ಯಾಟರಿಯಲ್ಲಿ ವಿದ್ಯುತ್ ಹುಟ್ಟುವುದು ಸೀಸದ ಪ್ಲೇಟುಗಳ ಸಣ್ಣ ಸಣ್ಣ ರಂಧ್ರಗಳೊಳಗೆ. ಲೋಡ್ ಬಿದ್ದೊಡನೆ ಆ ರಂಧ್ರಗಳಲ್ಲಿರುವ ಆಸಿಡ್ ಮೊದಲು ಖರ್ಚಾಗುತ್ತದೆ, ಹೊರಗಿನ ಗಟ್ಟಿ ಆಸಿಡ್ ಒಳಗೆ ಇಳಿಯಲು ಹೊತ್ತು ಬೇಕು. ಪಂಪ್ ಓಡುವಾಗ ಬಾವಿಯ ನೀರು ಸರ್ರನೆ ಇಳಿದು, ನಿಲ್ಲಿಸಿದ ಮೇಲೆ ಒರತೆಯಿಂದ ಮತ್ತೆ ಏರುವ ಹಾಗೆ. ಚಾರ್ಜ್ ಮಾಡುವಾಗ ಇದು ತಿರುವುಮುರುವು: ರಂಧ್ರಗಳಲ್ಲಿ ಗಟ್ಟಿ ಆಸಿಡ್ ಹುಟ್ಟಿ ಅಲ್ಲೇ ನಿಲ್ಲುತ್ತದೆ, ಅರೆ ತುಂಬಿದ ಬ್ಯಾಟರಿಯೂ ತುಂಬಿದಂತೆ ವೋಲ್ಟೇಜ್ ತೋರಿಸುತ್ತದೆ. ಇದನ್ನೇ ಮೇಲ್ಮೈ ಚಾರ್ಜ್ ಎನ್ನುತ್ತಾರೆ. ರಾತ್ರಿ ಒಂಬತ್ತಕ್ಕೆ ನಾಲ್ಕು ಕಡ್ಡಿ ಮೂಡಿಸಿದ್ದು ಇದೇ.

ಇನ್ನು ಅಂಕಿಗಳನ್ನು ನೋಡೋಣ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ 12.7 ತೋರಿಸಬೇಕು ಎನ್ನುವ ಪಟ್ಟಿ ಎಲ್ಲೆಡೆ ಸಿಗುತ್ತದೆ. ಅದು ಕಾರಿನ ಬ್ಯಾಟರಿಗೆ ಹೊಂದುವ ಪಟ್ಟಿ. ನಮ್ಮ ಮನೆಗಳ ಟ್ಯೂಬುಲರ್ ಬ್ಯಾಟರಿಗಳಿಗೆ ಹೆಚ್ಚಾಗಿ ತುಸು ತೆಳು ಆಸಿಡ್ ಹಾಕಿರುತ್ತಾರೆ, ಫುಲ್ ಆದಾಗ ಹೈಡ್ರೋಮೀಟರ್ 1.240ರ ಆಸುಪಾಸು ತೋರಿಸುತ್ತದೆ. ಆ ಅಂಕಿಗೆ 0.84 ಕೂಡಿಸಿದರೆ ಒಂದು ಸೆಲ್‌ನ ವಿಶ್ರಾಂತಿ ವೋಲ್ಟೇಜ್ ಅಂದಾಜಿಗೆ ಸಿಗುತ್ತದೆ: 2.08. ಆರು ಸೆಲ್‌ಗೆ 12.5 ವೋಲ್ಟ್. ಅಂದರೆ ಇಂಥ ಬ್ಯಾಟರಿ ನಿಜವಾಗಿ ತುಂಬಿದ್ದರೂ ಕಾರಿನ ಪಟ್ಟಿಯ ಪ್ರಕಾರ ಕೊರತೆಯಲ್ಲಿರುತ್ತದೆ. ಅರ್ಧ ಖಾಲಿಯಾದಾಗ ಅದು ಸುಮಾರು 12ಕ್ಕೆ ಇಳಿಯುತ್ತದೆ. ಅರ್ಧ ಬ್ಯಾಟರಿಯ ಕಥೆಯೆಲ್ಲ ಅರ್ಧ ವೋಲ್ಟಿನೊಳಗೆ ಮುಗಿಯಿತು. ಮಿಕ್ಸಿ ಹಾಕಿದ ಕ್ಷಣದಲ್ಲಿ ಬೀಳುವ ವೋಲ್ಟೇಜೇ ಅಷ್ಟಿರಬಹುದು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಂತೂ ವೋಲ್ಟೇಜ್ ನೋಡುವುದೇ ದಂಡ. 90 ಶೇಕಡಾದಿಂದ 20ಕ್ಕೆ ಇಳಿಯುವವರೆಗೂ ಅದು 13.3 ಮತ್ತು 13ರ ನಡುವೆಯೇ ಇರುತ್ತದೆ.

ಹಾಗಾಗಿ ಬ್ಯಾಟರಿಯನ್ನು ನೋಡಿ ಊಹಿಸುವುದನ್ನು ಬಿಟ್ಟು, ಒಳಗೆ ಹೋಗಿದ್ದೆಷ್ಟು, ಹೊರಗೆ ಬಂದಿದ್ದೆಷ್ಟು ಎಂದು ಎಣಿಸುವ ಮೀಟರ್‌ಗಳು ಬಂದಿವೆ. ಅವುಗಳ ಜೀವಾಳ ಶಂಟ್. ನೋಡಿದರೆ ಎರಡು ಹಿತ್ತಾಳೆಯ ಗಟ್ಟಿಗಳು, ಅವುಗಳ ನಡುವೆ ಬೆಸುಗೆ ಹಾಕಿದ ಕೆಲವು ಲೋಹದ ಪಟ್ಟಿಗಳು, ಅಷ್ಟೇ. ಪಟ್ಟಿಗಳು ಸಾಮಾನ್ಯವಾಗಿ ಮ್ಯಾಂಗನಿನ್‌ನವು. ತಾಮ್ರಕ್ಕೆ ಸುಮಾರು 12 ಶೇಕಡಾ ಮ್ಯಾಂಗನೀಸ್, ಸ್ವಲ್ಪ ನಿಕಲ್ ಬೆರೆಸಿದ ಈ ಮಿಶ್ರಲೋಹವನ್ನು 1892ರಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದರು. ಬಿಸಿಯಾದರೂ ಇದರ ರೋಧ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬರೀ ತಾಮ್ರವಾಗಿದ್ದರೆ ಬೇಸಿಗೆಗೊಂದು ಲೆಕ್ಕ, ಚಳಿಗಾಲಕ್ಕೊಂದು ಲೆಕ್ಕ ಬರುತ್ತಿತ್ತು.

ಶಂಟ್ ಮೇಲೆ 500A 50mV ಎಂದು ಬರೆದಿದ್ದರೆ, 500 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ ಎಂದರ್ಥ. ಎರಡು ಫ್ಯಾನ್, ನಾಲ್ಕೈದು ಎಲ್‌ಇಡಿ ಬಲ್ಬ್, ಒಂದು ವೈಫೈ ಪೆಟ್ಟಿಗೆ ಸೇರಿ ಸುಮಾರು 200 ವಾಟ್. ಯುಪಿಎಸ್‌ನ ಸ್ವಂತ ಖರ್ಚೂ ಸೇರಿದರೆ ಬ್ಯಾಟರಿಯಿಂದ 20 ಆಂಪಿಯರ್ ಹೊರಡುತ್ತದೆ. ಆಗ ಶಂಟ್ ಮೇಲೆ ಕಾಣುವುದು ಕೇವಲ 2 ಮಿಲಿವೋಲ್ಟ್. ಇಷ್ಟು ಸಣ್ಣದನ್ನು ಕೇಬಲ್ ಕಟ್ಟಿದ ದಪ್ಪ ಬೋಲ್ಟಿನಲ್ಲೇ ಅಳೆದರೆ ಬೋಲ್ಟಿನ ಸಡಿಲವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೇ ಅಳೆಯುವ ತೆಳು ತಂತಿಗಳಿಗೆ ಬೇರೆಯೇ ಎರಡು ಸಣ್ಣ ಸ್ಕ್ರೂ ಇರುತ್ತವೆ.

ಮೀಟರ್ ಇದನ್ನು ಕ್ಷಣಕ್ಷಣಕ್ಕೂ ಓದಿ, ಆಂಪಿಯರ್‌ಗೆ ಪರಿವರ್ತಿಸಿ, ಕಾಲದಿಂದ ಗುಣಿಸಿ ಕೂಡಿಸುತ್ತಾ ಹೋಗುತ್ತದೆ. 150 ಎಎಚ್ ಬ್ಯಾಟರಿಯಿಂದ ಆರರಿಂದ ಒಂಬತ್ತರವರೆಗೆ ಗಂಟೆಗೆ 20ರಂತೆ 60 ಎಎಚ್ ಹೋಯಿತು. ಒಂಬತ್ತರಿಂದ ಹತ್ತರವರೆಗೆ ಚಾರ್ಜರ್ 15 ಕೊಟ್ಟಿತು, ಅದರಲ್ಲಿ ಸ್ವಲ್ಪ ನಷ್ಟವಾಗುವುದರಿಂದ ಮೀಟರ್ 13 ಎಂದು ಜಮಾ ಮಾಡಿಕೊಳ್ಳುತ್ತದೆ. ಉಳಿದದ್ದು 103, ಅಂದರೆ 70 ಶೇಕಡಾಕ್ಕೂ ಕಡಿಮೆ. ನಾಲ್ಕು ಕಡ್ಡಿ ಹೊತ್ತಿದ್ದಾಗ ಇದ್ದ ನಿಜವಾದ ಸ್ಥಿತಿ ಇದು. ಈ 103 ಕೂಡ ಪೂರ್ತಿ ಕೈಗೆ ಸಿಗುವುದಿಲ್ಲ. 150 ಎಎಚ್ ಎಂಬ ಅಂಕಿ 20 ಗಂಟೆ ಕಾಲ ನಿಧಾನವಾಗಿ, 7.5 ಆಂಪಿಯರ್‌ನಂತೆ ತೆಗೆದಾಗಿನದು. 20 ಆಂಪಿಯರ್‌ನಂತೆ ತೆಗೆದರೆ ಅದೇ ಬ್ಯಾಟರಿ ಒಟ್ಟು ಕೊಡುವುದು 120ರ ಹತ್ತಿರ. ವೇಗ ಹೆಚ್ಚಿದಷ್ಟೂ ಸಿಗುವುದು ಕಡಿಮೆ ಎನ್ನುವ ಈ ಸೂತ್ರವನ್ನು ಜರ್ಮನಿಯ ಪಾಯ್ಕರ್ಟ್ 1897ರಲ್ಲಿ ಕೊಟ್ಟರು. ಒಳ್ಳೆಯ ಮೀಟರ್‌ಗಳಲ್ಲಿ ಅದನ್ನು ಸೇರಿಸಲು ಅವಕಾಶವಿರುತ್ತದೆ.

ಎಣಿಕೆಗೂ ತನ್ನದೇ ಕಾಯಿಲೆಗಳಿವೆ. ಶೂನ್ಯದಲ್ಲಿ 5 ಮೈಕ್ರೋವೋಲ್ಟ್ ತಪ್ಪಿದರೆ 0.05 ಆಂಪಿಯರ್ ಸುಳ್ಳು ಲೆಕ್ಕ. ದಿನಕ್ಕೆ 1.2 ಎಎಚ್ ಏನೂ ಅಲ್ಲ ಅನ್ನಿಸುತ್ತದೆ, ತಿಂಗಳಿಗೆ ಅದು 36 ಆಗುತ್ತದೆ. ಆದ್ದರಿಂದ ಬ್ಯಾಟರಿ ಆಗಾಗ ಪೂರ್ತಿ ತುಂಬಲೇಬೇಕು. ವೋಲ್ಟೇಜ್ 14.4ರ ಹತ್ತಿರ ನಿಂತು, ಒಳಹೋಗುವ ಕರೆಂಟ್ ನಾಲ್ಕೈದು ಆಂಪಿಯರ್‌ಗೆ ಇಳಿದಾಗ ಮೀಟರ್ ಹಳೆಯ ಲೆಕ್ಕ ಅಳಿಸಿ 100 ಎಂದು ಹೊಸದಾಗಿ ಶುರುಮಾಡುತ್ತದೆ.

ಆದರೆ ಹೆಚ್ಚು ಕಾಣುವ ತಪ್ಪು ಮೀಟರ್‌ನದಲ್ಲ, ವೈರಿಂಗ್‌ನದು. ಶಂಟ್ ಕೂರಬೇಕಾದದ್ದು ಬ್ಯಾಟರಿಯ ನೆಗೆಟಿವ್‌ಗೂ ಉಳಿದೆಲ್ಲದಕ್ಕೂ ನಡುವೆ. ಆ ನೆಗೆಟಿವ್ ಬೋಲ್ಟಿನ ಮೇಲೆ ಶಂಟ್‌ನ ಕೇಬಲ್ ಬಿಟ್ಟು ಬೇರೊಂದು ತಂತಿ ಇರಕೂಡದು. ಆಮೇಲೆ ಸೋಲಾರ್ ಹಾಕಿಸಿದಾಗ ಅದರ ಚಾರ್ಜ್ ಕಂಟ್ರೋಲರ್‌ನ ತಂತಿಯನ್ನು ನೇರ ಬ್ಯಾಟರಿಗೇ ಸಿಕ್ಕಿಸಿಬಿಡುತ್ತಾರೆ. ಆಗ ಬಿಸಿಲಿನಿಂದ ತುಂಬಿದ್ದು ಮೀಟರ್‌ಗೆ ಗೊತ್ತೇ ಆಗುವುದಿಲ್ಲ, ಬ್ಯಾಟರಿ ತುಂಬಿ ಕುದಿಯುತ್ತಿದ್ದರೂ ಅದು ಖಾಲಿ ಎನ್ನುತ್ತಿರುತ್ತದೆ. ಮಧ್ಯಾಹ್ನ ಕರೆಂಟ್ ಇಲ್ಲದ ಹೊತ್ತಲ್ಲಿ ಪ್ಯಾನೆಲ್‌ನ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಮೀಟರ್‌ನ ಆಂಪಿಯರ್ ಅಂಕಿ ಕದಲದಿದ್ದರೆ ಇದೇ ದೋಷ.

ಇನ್ನೊಂದು, ಬ್ಯಾಟರಿಗೆ ವಯಸ್ಸಾಗುವುದನ್ನು ಮೀಟರ್ ತಾನಾಗಿ ತಿಳಿಯದು. 40 ಶೇಕಡಾ ಉಳಿದಿದೆ ಎನ್ನುತ್ತಿರುವಾಗಲೇ ಯುಪಿಎಸ್ ಲೋ ಬ್ಯಾಟರಿ ಎಂದು ನಿಲ್ಲತೊಡಗಿದರೆ, 150 ಈಗ 150 ಆಗಿ ಉಳಿದಿಲ್ಲ. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಮೇನ್ಸ್ ಆಫ್ ಮಾಡಿ, ಒಂದೇ ಫ್ಯಾನ್ ಓಡಲು ಬಿಡಬೇಕು. ಅದು 7 ಆಂಪಿಯರ್ ಆಸುಪಾಸು ಎಳೆಯುತ್ತದೆ. ಯುಪಿಎಸ್ ನಿಂತಾಗ ಮೀಟರ್ 96 ಎಎಚ್ ಹೊರಗೆ ಹೋಗಿದೆ ಎಂದರೆ, ಸಾಮರ್ಥ್ಯದ ಜಾಗದಲ್ಲಿ 150 ತೆಗೆದು 96 ಎಂದು ಹಾಕಿ, ತಡಮಾಡದೆ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಇಡಬೇಕು.