ಎಸ್‌ಎಂಎಸ್, ಆರ್‌ಸಿಎಸ್, ವಾಟ್ಸ್‌ಆಪ್: ನಿಮ್ಮ ಸಂದೇಶ ಹೋಗುವ ದಾರಿ

ಡೇಟಾ ಆಫ್ ಇದ್ದರೂ ಎಸ್‌ಎಂಎಸ್ ಬರುತ್ತದೆ, ಗಮನಿಸಿದ್ದೀರಾ? ಅದಕ್ಕೆ ಇಂಟರ್ನೆಟ್ ಬೇಡ, ಮೊಬೈಲ್ ಸಿಗ್ನಲ್ ಸಾಕು. ಆ ಕಡೆಯ ಫೋನ್ ಸ್ವಿಚ್ ಆಫ್ ಆಗಿದ್ದರೆ ಮೊಬೈಲ್ ಕಂಪನಿಯ ಸರ್ವರ್ ಸಂದೇಶವನ್ನು ಸ್ವಲ್ಪ ಕಾಲ ಇಟ್ಟುಕೊಂಡು ಮತ್ತೆ ಕಳಿಸುತ್ತದೆ.

ಆದರೆ ಕನ್ನಡದಲ್ಲಿ ಬರೆದರೆ ಖರ್ಚು ಬೇಗ ಏರುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡ ಆದರೆ 70. ಅದರಲ್ಲೂ ಗುಣಿತ, ಒತ್ತು ಎಲ್ಲಕ್ಕೂ ಬೇರೆ ಲೆಕ್ಕ. ‘ಬೆಳಿಗ್ಗೆ’ ನಮ್ಮ ಕಣ್ಣಿಗೆ 3 ಅಕ್ಷರ, ನೆಟ್‌ವರ್ಕ್‌ಗೆ 8! ಒಟ್ಟು 70 ದಾಟಿತೋ, ಎರಡು ಮೆಸೇಜಿನ ಲೆಕ್ಕ.

ವಾಟ್ಸ್‌ಆಪ್‌ನಲ್ಲಿ ಈ ತಲೆನೋವಿಲ್ಲ, ಖರ್ಚಾಗುವುದು ಡೇಟಾ ಮಾತ್ರ. ನಿಮ್ಮಿಬ್ಬರ ಚಾಟ್ ಗೂಢಲಿಪಿಯಲ್ಲಿ ಹೋಗುವುದರಿಂದ ದಾರಿಯಲ್ಲಿ ಯಾರೂ ಓದಲಾರರು. ಎಸ್‌ಎಂಎಸ್‌ಗೆ ಆ ರಕ್ಷಣೆ ಇಲ್ಲ. ಕಂಪನಿಯ ಸರ್ವರ್‌ನಲ್ಲಿ ಅದನ್ನು ಓದಬಹುದು.

ನಿಜವಾಗಿ ಎಚ್ಚರ ಬೇಕಿರುವುದು ಆರ್‌ಸಿಎಸ್‌ನಲ್ಲಿ. ಅದೂ ಡೇಟಾ ಮೇಲೆಯೇ ನಡೆಯುತ್ತದೆ. ಗೂಗಲ್ ಮೆಸೇಜಸ್‌ನಲ್ಲಿ ಇಬ್ಬರಿಗೂ ಆರ್‌ಸಿಎಸ್ ಆನ್ ಇದ್ದರೆ ಕಳಿಸುವ ಬಟನ್ ಮೇಲೆ ಗೂಢಲಿಪಿಯ ಗುರುತಾದ ಪುಟ್ಟ ಬೀಗ ಕಾಣುತ್ತದೆ. ನೆಟ್ ಕೈಕೊಟ್ಟರೆ ಅದೇ ಸಂದೇಶ ಎಸ್‌ಎಂಎಸ್ ಆಗಿ ಹೊರಡಬಹುದು, ಬೀಗವೂ ಮಾಯ. ಅದರಲ್ಲಿ ಬ್ಯಾಂಕ್ ವಿವರ ಬರೆದಿದ್ದರೆ ಕಳಿಸಬೇಡಿ, ನೆಟ್ ಬರುವವರೆಗೆ ಕಾಯಿರಿ.