ಭೂತಾನೋ ನೇಪಾಳವೋ? ದಿನದ ಖರ್ಚು ಬಿಡಿಸಿ ನೋಡಿದರೆ

ಬೆಂಗಳೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಗಂಡನ ತಾಯಿ. ದಸರಾ ರಜೆಗೆ ಹಿಮಾಲಯದ ಕಡೆ ಹೋಗುವುದು ಖಾತ್ರಿ, ಆದರೆ ಭೂತಾನೋ ನೇಪಾಳವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗಂಡ ವಿಮಾನದ ಟಿಕೆಟ್ ದರ ನೋಡಿ ‘ಭೂತಾನವೇ ಅಗ್ಗ’ ಎನ್ನುತ್ತಾನೆ. ಹೆಂಡತಿ ಗೆಳತಿಯೊಬ್ಬಳ ಅನುಭವ ಕೇಳಿ ‘ನೇಪಾಳದಲ್ಲಿ ಖರ್ಚೇ ಆಗಲ್ವಂತೆ’ ಎನ್ನುತ್ತಾಳೆ. ಇಬ್ಬರ ಮಾತೂ ನಿಜವೇ. ಆದರೆ ಒಬ್ಬರು ಹೋಗಿ ಬರುವ ಖರ್ಚನ್ನಷ್ಟೇ ನೋಡಿದ್ದಾರೆ, ಇನ್ನೊಬ್ಬರು ಅಲ್ಲಿ ಇರುವ ಖರ್ಚನ್ನಷ್ಟೇ.

ಹೋಗಿ ಬರುವ ಖರ್ಚು ಒಮ್ಮೆ ಬೀಳುತ್ತದೆ, ಇರುವ ಖರ್ಚು ದಿನದಿನವೂ ಬೀಳುತ್ತದೆ. ಹಾಗಾಗಿ ಎಷ್ಟು ದಿನದ ಪ್ರವಾಸ ಎಂದು ಹೇಳದೆ ಯಾವ ಊರು ಅಗ್ಗ ಎಂದು ಹೇಳಲು ಬರುವುದಿಲ್ಲ. ಇದನ್ನು ತಿಳಿಯಲು ದಿನದ ಖರ್ಚನ್ನು ವಾಸ, ಊಟ, ಓಡಾಟ, ಪ್ರವೇಶ ಮತ್ತು ಶುಲ್ಕ, ಚಿಲ್ಲರೆ ಎಂದು ಬಿಡಿಸಬೇಕು. ಬಿಡಿಸುವಾಗ ಪ್ರತಿ ಬಾಬ್ತಿನ ಎದುರು ಅದು ಯಾವುದರ ಮೇಲೆ ಬೀಳುತ್ತದೆ ಎಂದೂ ಬರೆದುಕೊಳ್ಳಬೇಕು. ಊಟ ತಲೆಯ ಮೇಲೆ, ವಾಸ ಕೋಣೆಯ ಮೇಲೆ, ಟ್ಯಾಕ್ಸಿ ಗಾಡಿಯ ಮೇಲೆ. ‘ತಲೆಗೆ ದಿನಕ್ಕೆ ಇಷ್ಟು’ ಎಂದು ಒಂದೇ ಅಂಕಿ ಹಿಡಿದು ನಾಲ್ಕರಿಂದ ಗುಣಿಸುವವರ ಲೆಕ್ಕ ಕೆಡುವುದು ಇಲ್ಲೇ. ನಾಲ್ವರು ಹತ್ತಿದರೂ ಇಬ್ಬರು ಹತ್ತಿದರೂ ಕಾರಿನ ಬಾಡಿಗೆ ಬದಲಾಗುವುದಿಲ್ಲ.

ಭೂತಾನದ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಬಾಬ್ತು ಸುಸ್ಥಿರ ಅಭಿವೃದ್ಧಿ ಶುಲ್ಕ. ಪ್ರವಾಸಿಗರಿಂದ ಅಲ್ಲಿನ ಸರ್ಕಾರ ನೇರವಾಗಿ ವಸೂಲಿ ಮಾಡುವ ಹಣ ಇದು. ಭಾರತೀಯರಿಗೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಈ ಮನೆಯ ಮೂವರು ದೊಡ್ಡವರಿಗೆ 3,600, ಮಗಳಿಗೆ 600, ಒಟ್ಟು ರಾತ್ರಿಗೆ 4,200 ರೂಪಾಯಿ. ಹೋಟೆಲಿನ ದರಪಟ್ಟಿಯಲ್ಲಾಗಲಿ ವಿಮಾನದ ಟಿಕೆಟ್‌ನಲ್ಲಾಗಲಿ ಇದು ಕಾಣಿಸುವುದಿಲ್ಲ. ಮರೆತರೆ ಐದು ರಾತ್ರಿಗೆ 21,000 ರೂಪಾಯಿ ಲೆಕ್ಕದಿಂದ ಜಾರಿಹೋಗುತ್ತದೆ.

ನೇಪಾಳದಲ್ಲಿ ಇಂಥ ಶುಲ್ಕವಿಲ್ಲ. ಅಲ್ಲಿ ಎಡವುವುದು ಬೇರೆ ಕಡೆ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ ಎಂಬುದು ಎಷ್ಟೋ ವರ್ಷಗಳಿಂದ ಬದಲಾಗದ ದರ. ಎರಡೂ ದೇಶದ ಹಣಕ್ಕೆ ರೂಪಾಯಿ ಎಂದೇ ಹೆಸರಿರುವುದರಿಂದ ಅಂಗಡಿಯಲ್ಲಿ ಬೆಲೆ ಕೇಳಿದರೆ ‘ಐಸಿನಾ, ಎನ್‌ಸಿನಾ’ ಎಂದು ಖಚಿತ ಮಾಡಿಕೊಳ್ಳಲೇಬೇಕು. ಐಸಿ ಎಂದರೆ ಭಾರತದ ಹಣ, ಎನ್‌ಸಿ ಎಂದರೆ ನೇಪಾಳದ್ದು. ಮೆನುವಿನಲ್ಲಿ 480 ಎಂದಿರುವ ಥಾಲಿ ನಮ್ಮ 300ಕ್ಕೆ ಸಮ. ಆದರೆ ಅನೇಕ ಹೋಟೆಲುಗಳ ಬಿಲ್ಲಿನಲ್ಲಿ ಶೇ. 13ರ ವ್ಯಾಟ್ ಬೇರೆಯಾಗಿ ಬಂದು ಕೂರುತ್ತದೆ. ಮೆನು ನೋಡಿ ಊಟದ ಅಂದಾಜು ಮಾಡಿದವರು ಅಷ್ಟನ್ನು ಸೇರಿಸಿಕೊಳ್ಳಬೇಕು.

ಭೂತಾನದ ಹಣದಲ್ಲಿ ಈ ತಲೆನೋವಿಲ್ಲ. ಒಂದು ಙುಲ್ಟ್ರಮ್‌ಗೆ ಒಂದು ರೂಪಾಯಿ.

ಈಗ ಈ ಮನೆಯ ಲೆಕ್ಕ. ಸರ್ಕಾರಿ ಶುಲ್ಕ ಬಿಟ್ಟು ಉಳಿದ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಹೊರಡುವವರು ತಮಗೆ ಸಿಕ್ಕ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. ಭೂತಾನದಲ್ಲಿ ಎರಡು ಕೋಣೆಗೆ 5,000, ಊಟಕ್ಕೆ 3,200, ಡ್ರೈವರ್ ಸಮೇತ ಕಾರಿಗೆ 4,000, ಗೈಡ್‌ಗೆ 1,500, ಸರ್ಕಾರಿ ಶುಲ್ಕ 4,200, ಚಿಲ್ಲರೆಗೆ 1,000. ದಿನಕ್ಕೆ 18,900 ರೂಪಾಯಿ. ನೇಪಾಳದಲ್ಲಿ ಕೋಣೆಗೆ 4,400, ಊಟಕ್ಕೆ 2,800, ಕಾರಿಗೆ 3,500, ಪ್ರವೇಶಕ್ಕೆ ಸರಾಸರಿ 500, ಚಿಲ್ಲರೆಗೆ 1,000. ದಿನಕ್ಕೆ 12,200. ಅಂದರೆ ಭೂತಾನದಲ್ಲಿ ಕಳೆಯುವ ಒಂದೊಂದು ದಿನಕ್ಕೂ 6,700 ರೂಪಾಯಿ ಹೆಚ್ಚು, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಗೈಡ್ ಮತ್ತು ಸರ್ಕಾರಿ ಶುಲ್ಕದ್ದೇ. ರೂಮು, ಊಟ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಅಗ್ಗದ ಹೋಟೆಲ್ ಹುಡುಕುತ್ತ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂರುವುದು ಇಲ್ಲಿ ವ್ಯರ್ಥ.

ಹೋಗಿ ಬರುವ ಖರ್ಚಿನಲ್ಲಿ ತಕ್ಕಡಿ ಆ ಕಡೆ ವಾಲುತ್ತದೆ. ಭೂತಾನಕ್ಕೆ ಬಾಗ್ಡೋಗ್ರಾವರೆಗೆ ದೇಶದೊಳಗಿನ ವಿಮಾನ, ಅಲ್ಲಿಂದ ಗಡಿಯ ಜೈಗಾಂವ್‌ಗೆ ನಾಲ್ಕೈದು ತಾಸಿನ ರಸ್ತೆ. ತಲೆಗೆ 13,000ದಂತೆ ಟಿಕೆಟ್, ಎರಡೂ ಕಡೆಯ ಕಾರಿಗೆ 8,000, ಒಟ್ಟು 60,000. ಕಠ್ಮಂಡುವಿಗೆ ಹೋಗಿ ಬರಲು ತಲೆಗೆ 24,000 ಹಿಡಿದರೆ 96,000. ನೇಪಾಳ ಹೊರಡುವಾಗಲೇ 36,000 ಹಿಂದೆ ಬಿದ್ದಿತು. ದಿನಕ್ಕೆ 6,700ರಂತೆ ಅದನ್ನು ತುಂಬಿಕೊಳ್ಳಲು ಐದು ದಿನ ದಾಟಬೇಕು. ಐದು ರಾತ್ರಿಗೆ ಭೂತಾನ 1,54,500, ನೇಪಾಳ 1,57,000. ಏಳು ರಾತ್ರಿಗಾದರೆ ಭೂತಾನ 1,92,300, ನೇಪಾಳ 1,81,400. ಗಂಡ ಹೆಂಡತಿಯ ವಾದ ತೀರುವುದು ರಜೆ ಅರ್ಜಿಯಲ್ಲಿ.

ಐದು ರಾತ್ರಿಯ ವ್ಯತ್ಯಾಸ ಬರೀ 2,500 ರೂಪಾಯಿ. ಅಷ್ಟನ್ನು ನೆಚ್ಚಿಕೊಂಡು ತೀರ್ಮಾನ ಮಾಡಲಾಗದು, ಏಕೆಂದರೆ ದಿನದ ಸರಾಸರಿಯಲ್ಲಿ ಅಡಗದ ಬಾಬ್ತುಗಳಿವೆ. ಪಾರೊ ಕಣಿವೆಯ ತಕ್ತ್ಸಾಂಗ್ ಮಠಕ್ಕೆ, ಅಂದರೆ ಸಮುದ್ರಮಟ್ಟದಿಂದ 3,120 ಮೀಟರ್ ಎತ್ತರದ ಬಂಡೆಗೆ ಅಂಟಿಕೊಂಡ ‘ಹುಲಿಯ ಗೂಡಿ’ಗೆ, ದೊಡ್ಡವರಿಗೆ 2,000 ರೂಪಾಯಿ ಪ್ರವೇಶ ದರ. ತಾಯಿ ಆ ಏರು ಹತ್ತುವುದಿಲ್ಲ, ಅವರ ಟಿಕೆಟ್ ಬೇಡ. ಗಂಡ ಹೆಂಡತಿ ಇಬ್ಬರದೇ 4,000 ಆಯಿತು. ಐದು ರಾತ್ರಿಯ ಲೆಕ್ಕ ಅಷ್ಟಕ್ಕೇ ಮಗುಚಿತು. ಬಾಗ್ಡೋಗ್ರಾದಲ್ಲಿ ಇಳಿದ ದಿನ ಗಡಿ ಮುಟ್ಟುವಷ್ಟರಲ್ಲಿ ಸಂಜೆಯಾದರೆ ಜೈಗಾಂವ್‌ನಲ್ಲಿ ಒಂದು ರಾತ್ರಿ ತಂಗಬೇಕು. ಭಾರತದ ನೆಲವಾದ್ದರಿಂದ ಭೂತಾನದ ಶುಲ್ಕವಿಲ್ಲ, ಆದರೆ ರೂಮು, ಊಟ ಇದ್ದೇ ಇದೆ, ಒಂದು ದಿನದ ರಜೆಯೂ ಹೋಗುತ್ತದೆ. ನೇಪಾಳದಲ್ಲೂ ಹೀಗೇ: ಕಠ್ಮಂಡುವಿನಿಂದ ಪೋಖರಾ ಸುಮಾರು 200 ಕಿ.ಮೀ. ಮಾತ್ರ, ರಸ್ತೆಯಲ್ಲಿ ಏಳೆಂಟು ತಾಸು. ಹಾದಿಯಲ್ಲಿ ಕಳೆದ ದಿನಕ್ಕೂ ಕೋಣೆಯ ಬಾಡಿಗೆ ಏರುತ್ತದೆ. ನೇಪಾಳದ ಪ್ರವೇಶದ ಬಾಬ್ತು ಮಾತ್ರ ಹಗುರ. ಪಶುಪತಿನಾಥದಲ್ಲಿ ಭಾರತೀಯರಿಗೆ ಟಿಕೆಟ್ಟೇ ಇಲ್ಲ, ಭಕ್ತಪುರದ ಹಳೆಯ ಊರಿಗೆ ಸಾರ್ಕ್ ದೇಶದವರಿಗೆ ನೇಪಾಳಿ 500, ಅಂದರೆ ನಮ್ಮ ಮುನ್ನೂರು ಚಿಲ್ಲರೆ.

ಆದ್ದರಿಂದ ಎರಡು ಮೊತ್ತಗಳ ಅಂತರ ಹತ್ತಕ್ಕೆ ಒಂದು ಪಾಲಿಗಿಂತ ಕಡಿಮೆಯಾದರೆ ಹಣವನ್ನು ಪಕ್ಕಕ್ಕಿಟ್ಟು ಮನಸ್ಸಿಗೆ ಬಂದ ಕಡೆ ಹೋಗುವುದೇ ಸರಿ. ಅಂದಾಜಿನ ತಪ್ಪೇ ಅಷ್ಟಿರುತ್ತದೆ. ಏಳು ರಾತ್ರಿಯ 10,900 ರೂಪಾಯಿ ಕೂಡ ಆ ಮಿತಿಯೊಳಗೇ ಇದೆ.

ಅಂತರ ನಿಜಕ್ಕೂ ದೊಡ್ಡದಾಗುವುದು ಹೋಗುವವರ ಸಂಖ್ಯೆ ಬದಲಾದಾಗ. ಮಗಳನ್ನು ಅಜ್ಜಿಯ ಬಳಿ ಬಿಟ್ಟು ಗಂಡ ಹೆಂಡತಿ ಇಬ್ಬರೇ ಹೊರಟರು ಎನ್ನಿ. ಭೂತಾನದಲ್ಲಿ ಕಾರು 4,000, ಗೈಡ್ 1,500 ಹಾಗೇ ಉಳಿಯುತ್ತವೆ. ಒಂದು ಕೋಣೆಗೆ 2,500, ಊಟಕ್ಕೆ 1,600, ಶುಲ್ಕ 2,400, ಚಿಲ್ಲರೆಗೆ 500 ಸೇರಿಸಿದರೆ ದಿನಕ್ಕೆ 12,500. ನೇಪಾಳದಲ್ಲಿ ಇಡೀ ದಿನದ ಕಾರಿನ ಬದಲು ಟ್ಯಾಕ್ಸಿ ಹಿಡಿದು ಓಡಾಡಿದರೆ 1,500ಕ್ಕೆ ಮುಗಿಯುತ್ತದೆ, ದಿನದ ಮೊತ್ತ 5,850ಕ್ಕೆ ಇಳಿಯುತ್ತದೆ. ಹೋಗಿ ಬರುವ ಖರ್ಚಿನ ಅಂತರ ಬರೀ 14,000. ನಾಲ್ವರಿದ್ದಾಗ ಐದು ದಿನ ದಾಟಬೇಕಿದ್ದ ಗಡಿ ಈಗ ಎರಡು ದಿನಕ್ಕೆ ಬಂದು ನಿಲ್ಲುತ್ತದೆ. ಮೂರನೆಯ ರಾತ್ರಿಗೇ ನೇಪಾಳ ಸುಮಾರು 6,000 ರೂಪಾಯಿ ಅಗ್ಗ, ಐದನೆಯ ರಾತ್ರಿಗೆ 19,000ಕ್ಕೂ ಹೆಚ್ಚು.