ಸರಾಸರಿಗೆ ನೆಲೆಯಿಲ್ಲದ ಸಂಖ್ಯೆಗಳು

ಸಂಖ್ಯಾಶಾಸ್ತ್ರದಲ್ಲಿ ದೀಪಸ್ತಂಭದ ಲೆಕ್ಕ ಎಂಬುದೊಂದಿದೆ. ಕೇಂಬ್ರಿಜ್‌ನ ಸ್ಟೀಫನ್ ಗಲ್ 1988ರಲ್ಲಿ ಇದನ್ನು ಮುಂದಿಟ್ಟರು. ಉದ್ದಕ್ಕೂ ನೇರವಾಗಿ ಹರಡಿದ ಕಡಲ ತೀರ, ತೀರದಿಂದ 1 ಕಿಲೋಮೀಟರ್ ದೂರದಲ್ಲಿ ನೀರಿನ ನಡುವೆ ಒಂದು ದೀಪಸ್ತಂಭ. ಅದರ ದೀಪ ಸುತ್ತುತ್ತಲೇ ಇರುತ್ತದೆ, ಆದರೆ ಗೊತ್ತುಗುರಿಯಿಲ್ಲದ ಕ್ಷಣಗಳಲ್ಲಿ ಮಾತ್ರ ಮಿಂಚುತ್ತದೆ. ಹಾಗಾಗಿ ಬೆಳಕು ಯಾವ ದಿಕ್ಕಿಗೆ ಬೇಕಾದರೂ ಹೊರಡಬಹುದು, ಎಲ್ಲ ದಿಕ್ಕುಗಳಿಗೂ ಸಮಾನ ಅವಕಾಶ. ಕಡಲ ಕಡೆಗೆ ಹೋದ ಮಿಂಚು ಲೆಕ್ಕಕ್ಕಿಲ್ಲ. ತೀರಕ್ಕೆ ಬಿದ್ದದ್ದು ಎಲ್ಲಿ ಬಿತ್ತು ಎಂಬುದಷ್ಟೇ ದಾಖಲಾಗುತ್ತದೆ, ಯಾವ ದಿಕ್ಕಿನಿಂದ ಬಂತು ಎಂಬುದು ತಿಳಿಯುವುದಿಲ್ಲ. ಈ ದಾಖಲೆಗಳಿಂದಲೇ ದೀಪಸ್ತಂಭಕ್ಕೆ ನೇರ ಎದುರಾಗಿರುವ ತೀರದ ಬಿಂದುವನ್ನು ಕಂಡುಹಿಡಿಯಬೇಕು.

ಆ ಬಿಂದುವನ್ನು 0 ಎಂದು ಕರೆದರೆ, ಬಲಕ್ಕೆ ಬಿದ್ದ ಬೆಳಕಿನ ದೂರ ಧನ ಸಂಖ್ಯೆ, ಎಡಕ್ಕೆ ಬಿದ್ದದ್ದು ಋಣ ಸಂಖ್ಯೆ. ಎರಡೂ ಕಡೆಗೆ ಸಮಾನ ಅವಕಾಶವಿರುವುದರಿಂದ ಎಲ್ಲ ಸ್ಥಾನಗಳ ಸರಾಸರಿ ತೆಗೆದರೆ 0 ಸಿಗುತ್ತದೆಂದು ಯಾರಿಗಾದರೂ ತೋಚುತ್ತದೆ. ಆದರೆ ಸಾವಿರ ದಾಖಲೆಗಳಿರಲಿ, ಕೋಟಿ ದಾಖಲೆಗಳಿರಲಿ, ಆ ಸರಾಸರಿಯನ್ನು ಒಂದೇ ಒಂದು ದಾಖಲೆಗಿಂತ ಹೆಚ್ಚು ನಂಬುವಂತಿಲ್ಲ.

ಕಾರಣ ಕೋನಗಳಲ್ಲಿದೆ. ನೇರ ಎದುರಿನ ದಿಕ್ಕಿನಿಂದ 45 ಡಿಗ್ರಿ ವಾಲಿದ ಬೆಳಕು 1 ಕಿಲೋಮೀಟರ್ ದೂರದಲ್ಲಿ ಬೀಳುತ್ತದೆ. 80 ಡಿಗ್ರಿ ವಾಲಿದರೆ 5.7 ಕಿಲೋಮೀಟರ್, 89 ಡಿಗ್ರಿಗೆ 57 ಕಿಲೋಮೀಟರ್, 89.9 ಡಿಗ್ರಿಗೆ 573 ಕಿಲೋಮೀಟರ್. ತೀರಕ್ಕೆ ಬಹುಮಟ್ಟಿಗೆ ಸಮಾಂತರವಾಗಿ ಹೊರಟ ಬೆಳಕು ಎಷ್ಟು ದೂರ ಹೋಗುತ್ತದೆಂಬುದಕ್ಕೆ ಮಿತಿಯೇ ಇಲ್ಲ. ತೀರ ಮುಟ್ಟುವ ಮಿಂಚುಗಳಲ್ಲಿ ಅರ್ಧದಷ್ಟು 0 ಬಿಂದುವಿನ ಆಚೀಚೆ 1 ಕಿಲೋಮೀಟರ್ ಒಳಗೇ ಬೀಳುತ್ತವೆ ಎಂಬುದು ನಿಜ. ಆದರೆ 10 ಕಿಲೋಮೀಟರ್ ದಾಟುವವು ನೂರಕ್ಕೆ ಆರರಷ್ಟಿರುತ್ತವೆ, 100 ಕಿಲೋಮೀಟರ್ ದಾಟುವವು ಸಾವಿರಕ್ಕೆ ಆರರಷ್ಟು. ದೂರ ಹತ್ತು ಪಟ್ಟಾದಾಗ ಸಂಭವನೀಯತೆ ಹತ್ತನೇ ಒಂದಕ್ಕೆ ಮಾತ್ರ ಇಳಿಯುತ್ತದೆ. ಪರಿಚಿತವಾದ ಘಂಟೆಯಾಕಾರದ ವಿತರಣೆಯಲ್ಲಿ ಇದೇ ಸಂಭವನೀಯತೆ ಬಹುಬೇಗ ಶೂನ್ಯದ ಹತ್ತಿರ ಬಂದುಬಿಡುತ್ತದೆ. ಹೀಗೆ ದೂರದವರೆಗೂ ತೂಕ ಉಳಿಸಿಕೊಳ್ಳುವ ವಿತರಣೆಗಳಿಗೆ ದಪ್ಪ ಬಾಲದ ವಿತರಣೆಗಳೆಂದು ಹೆಸರು. ದೀಪಸ್ತಂಭದ್ದು ಅವುಗಳಲ್ಲಿ ಪ್ರಸಿದ್ಧವಾದ ಕೋಶಿ ವಿತರಣೆ.

ನಿರೀಕ್ಷಿತ ಮೌಲ್ಯವನ್ನು ಕಂಡುಹಿಡಿಯಲು ಪ್ರತಿ ಸ್ಥಾನವನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಎಲ್ಲವನ್ನೂ ಕೂಡಬೇಕು. ಬಲಭಾಗವನ್ನಷ್ಟೇ ತೆಗೆದುಕೊಂಡರೆ, 10ರಿಂದ 100 ಕಿಲೋಮೀಟರ್‌ವರೆಗಿನ ಪಟ್ಟಿ ಈ ಮೊತ್ತಕ್ಕೆ ಸುಮಾರು 0.73 ಸೇರಿಸುತ್ತದೆ. 100ರಿಂದ 1000ದವರೆಗಿನ ಪಟ್ಟಿಯೂ 0.73 ಸೇರಿಸುತ್ತದೆ, ಅದರಾಚೆಯದೂ ಅಷ್ಟೇ. ಪಟ್ಟಿಗಳಿಗೆ ಕೊನೆಯಿಲ್ಲ, ಆದ್ದರಿಂದ ಬಲಭಾಗದ ಮೊತ್ತ ಅನಂತ. ಎಡಭಾಗದ್ದು ಋಣ ಅನಂತ. ಎರಡೂ ಪರಸ್ಪರ ಕಳೆದುಹೋಗಿ 0 ಉಳಿಯುತ್ತದೆಂದು ಹೇಳಬಹುದಲ್ಲವೇ? ಎಡಕ್ಕೂ ಬಲಕ್ಕೂ ಸಮನಾಗಿ ದೂರ ಹೋಗುತ್ತಾ ಕೂಡಿದರೆ ಹಾಗಾಗುತ್ತದೆ. ಬಲಕ್ಕೆ ಎರಡರಷ್ಟು ದೂರ ಹೋಗುತ್ತಾ ಕೂಡಿದರೆ ಮಾತ್ರ ಉತ್ತರ 0.22ಕ್ಕೆ ಬರುತ್ತದೆ, ಹತ್ತರಷ್ಟು ಹೋದರೆ 0.73ಕ್ಕೆ. ಕೂಡುವ ಕ್ರಮ ಬದಲಾದಂತೆ ಉತ್ತರವೂ ಬದಲಾಗುವುದರಿಂದ, ಈ ವಿತರಣೆಗೆ ನಿರೀಕ್ಷಿತ ಮೌಲ್ಯವೇ ಇಲ್ಲವೆಂದು ಗಣಿತ ತೀರ್ಮಾನಿಸುತ್ತದೆ. ಅದು ದೊಡ್ಡ ಸಂಖ್ಯೆಯೂ ಅಲ್ಲ, ಅನಂತವೂ ಅಲ್ಲ.

ಇದರ ಪರಿಣಾಮ ದಾಖಲೆ ಪುಸ್ತಕದಲ್ಲಿ ಕಣ್ಣಿಗೆ ಬೀಳುತ್ತದೆ. 99 ಮಿಂಚುಗಳ ಸರಾಸರಿ 0.3 ಬಂದಿದೆ ಎನ್ನೋಣ, ಅಂದರೆ ಮೊತ್ತ 29.7. ನೂರನೆಯದು 89.9 ಡಿಗ್ರಿ ವಾಲಿ 573 ಕಿಲೋಮೀಟರ್ ದೂರದಲ್ಲಿ ಬಿತ್ತು. ಸರಾಸರಿ ಒಮ್ಮೆಲೇ 6.03ಕ್ಕೆ ಜಿಗಿಯುತ್ತದೆ. ಮುಂದಿನವೆಲ್ಲ ಎಡಬಲ ಸರಿದೂಗುತ್ತಾ ಬಂದರೂ, ಸರಾಸರಿ ಮತ್ತೆ 0.5ಕ್ಕೆ ಇಳಿಯುವ ಹೊತ್ತಿಗೆ ಒಟ್ಟು 1200ಕ್ಕೂ ಹೆಚ್ಚು ದಾಖಲೆಗಳು ಬೇಕು. ಆದರೆ 573 ಕಿಲೋಮೀಟರನ್ನು ಮೀರುವ ಮಿಂಚು ಸುಮಾರು 900ಕ್ಕೆ ಒಂದರಂತೆ ಬರುತ್ತಲೇ ಇರುತ್ತದೆ. ಒಂದರ ಪೆಟ್ಟು ಮಾಯುವ ಮೊದಲೇ ಇನ್ನೊಂದು ಬರುವ ಸಾಧ್ಯತೆಯೇ ಹೆಚ್ಚು.

ದಾಖಲೆಗಳು ಹೆಚ್ಚಾದಂತೆ ಈ ಜಿಗಿತಗಳು ಸಣ್ಣದಾಗುತ್ತವೆಯೇ ಎಂಬುದು ಮುಖ್ಯ ಪ್ರಶ್ನೆ. ಸಾವಿರದ ದಾಖಲೆಯು ಸರಾಸರಿಯನ್ನು 1 ಕಿಲೋಮೀಟರ್‌ನಷ್ಟು ಸರಿಸಬೇಕಾದರೆ ಅದು ಸುಮಾರು 1000 ಕಿಲೋಮೀಟರ್ ದೂರ ಬೀಳಬೇಕು. ಹತ್ತು ಲಕ್ಷದ ದಾಖಲೆಯಾದರೆ ಹತ್ತು ಲಕ್ಷ ಕಿಲೋಮೀಟರ್. ಇದು ಪ್ರತಿ ಬಾರಿಯೂ ಅಪರೂಪವೇ, ಆದರೆ ಸಾಕಷ್ಟು ಅಪರೂಪವಲ್ಲ. 1001ರಿಂದ 10,000ದವರೆಗಿನ ದಾಖಲೆಗಳಲ್ಲಿ ಒಂದಾದರೂ ತನ್ನ ಕ್ರಮಸಂಖ್ಯೆಗಿಂತ ದೊಡ್ಡದಾಗಿರುವ ಸಂಭವನೀಯತೆ ಶೇ. 77. ಹತ್ತು ಲಕ್ಷದಿಂದ ಒಂದು ಕೋಟಿಯವರೆಗೂ ಅದೇ ಶೇ. 77. ಜಿಗಿತಗಳ ನಡುವಿನ ಅಂತರ ಹಿಗ್ಗುತ್ತದೆ, ಜಿಗಿತದ ಎತ್ತರ ಮಾತ್ರ ಕುಗ್ಗುವುದಿಲ್ಲ. ದಾಖಲೆಗಳು ಹೆಚ್ಚಿದಂತೆ ಸರಾಸರಿ ಒಂದೆಡೆ ನಿಲ್ಲುತ್ತದೆನ್ನುವ ಬೃಹತ್ ಸಂಖ್ಯೆಗಳ ನಿಯಮಕ್ಕೆ ನಿರೀಕ್ಷಿತ ಮೌಲ್ಯ ಇರಲೇಬೇಕೆಂಬ ಷರತ್ತಿದೆ. ಇಲ್ಲಿ ಆ ಷರತ್ತೇ ಪೂರೈಸುವುದಿಲ್ಲ.

ಇನ್ನೂ ಬೆರಗಿನ ಸಂಗತಿಯೆಂದರೆ, n ದಾಖಲೆಗಳ ಸರಾಸರಿಯ ವಿತರಣೆ ಒಂದೇ ದಾಖಲೆಯ ವಿತರಣೆಯಂತೆಯೇ ಇರುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಎಂದಲ್ಲ, ತದ್ರೂಪ. ಪ್ರತಿ ವಿತರಣೆಗೂ ಲಕ್ಷಣ ಫಲನವೆಂಬ ಒಂದು ಗುರುತು ಇರುತ್ತದೆ. ಸ್ವತಂತ್ರ ಸಂಖ್ಯೆಗಳನ್ನು ಕೂಡಿದಾಗ ಅವುಗಳ ಲಕ್ಷಣ ಫಲನಗಳು ಗುಣಿಸಿಕೊಳ್ಳುತ್ತವೆ. ಕೋಶಿ ವಿತರಣೆಯ ಗುರುತು e^(−|t|). n ಸಂಖ್ಯೆಗಳನ್ನು ಕೂಡಿ n ರಿಂದ ಭಾಗಿಸಿದರೆ ಸಿಗುವುದು (e^(−|t|/n))^n, ಅಂದರೆ ಮತ್ತೆ e^(−|t|). ಕೂಡಿದ್ದರಿಂದ ಹಿಗ್ಗಿದಷ್ಟೇ ಭಾಗಿಸಿದ್ದರಿಂದ ಕುಗ್ಗಿತು. ಘಂಟೆಯಾಕಾರದ ವಿತರಣೆಯಲ್ಲಾದರೆ ಘಾತದಲ್ಲಿ t ಯ ವರ್ಗವಿರುವುದರಿಂದ ಒಂದು n ಛೇದದಲ್ಲಿ ಉಳಿದು, ಸರಾಸರಿ ಬಿಗಿಯಾಗುತ್ತಾ ಹೋಗುತ್ತದೆ.

ಪ್ವಾಸೋನ್ ಇದನ್ನು 1824ರಲ್ಲೇ ಗಮನಿಸಿದ್ದರು. ವಿತರಣೆಗೆ ಹೆಸರು ತಂದದ್ದು ಮಾತ್ರ 1853ರಲ್ಲಿ ಪ್ಯಾರಿಸ್‌ನಲ್ಲಿ ಕೋಶಿ ಮತ್ತು ಬಿಯೆನೆಮೆ ನಡುವೆ ನಡೆದ ವಾದ. ಅಳತೆಯ ದೋಷಗಳನ್ನು ಕನಿಷ್ಠ ವರ್ಗಗಳ ವಿಧಾನದಿಂದ ಸರಿಪಡಿಸುವುದೇ ಸದಾ ಉತ್ತಮವೆಂಬ ನಂಬಿಕೆಗೆ ಕೋಶಿ ಇದನ್ನು ಎದುರಿಟ್ಟರು: ದೋಷಗಳು ಈ ಬಗೆಯವಾದರೆ ಸರಾಸರಿ ಒಂದು ಅಳತೆಗಿಂತ ಮೇಲೇನೂ ಅಲ್ಲ.

ಹಾಗೆಂದು ದೀಪಸ್ತಂಭ ಸಿಗದೆ ಹೋಗುವುದಿಲ್ಲ. ದಾಖಲೆಗಳನ್ನು ಎಡದಿಂದ ಬಲಕ್ಕೆ ಕ್ರಮವಾಗಿ ಜೋಡಿಸಿ ನಟ್ಟನಡುವಿನದನ್ನು, ಅಂದರೆ ಮಧ್ಯಾಂಕವನ್ನು, ತೆಗೆದುಕೊಂಡರೆ ಸಾಕು. 573 ಕಿಲೋಮೀಟರ್‌ನಲ್ಲಿ ಬಿದ್ದ ಮಿಂಚು ಇಲ್ಲಿ ಬಲಗಡೆಯ ಒಂದು ದಾಖಲೆ ಮಾತ್ರ; 5 ಕಿಲೋಮೀಟರ್‌ನಲ್ಲಿ ಬಿದ್ದಿದ್ದರೂ ಫಲ ಅದೇ. 100 ದಾಖಲೆಗಳ ಮಧ್ಯಾಂಕದ ಪ್ರಮಾಣಿತ ದೋಷ ಸುಮಾರು 157 ಮೀಟರ್, 10,000 ದಾಖಲೆಗಳದ್ದು 16 ಮೀಟರ್. ಅದೇ 10,000 ದಾಖಲೆಗಳ ಸರಾಸರಿ 1 ಕಿಲೋಮೀಟರ್‌ಗಿಂತ ಹೆಚ್ಚು ತಪ್ಪಿರುವ ಸಂಭವ ಶೇ. 50.

ಕಂಪ್ಯೂಟರ್ ಎಂಥ ಸಂಖ್ಯೆಗಳನ್ನು ಕೊಟ್ಟರೂ ಸರಾಸರಿಯನ್ನು ಕೊಟ್ಟೇಬಿಡುತ್ತದೆ, ಎಚ್ಚರಿಕೆ ಹೇಳುವುದಿಲ್ಲ. ತೊಂದರೆಯನ್ನು ಪತ್ತೆಹಚ್ಚಲು ದಾಖಲೆಗಳು ಸೇರಿದಂತೆಲ್ಲ ಸರಾಸರಿ ಹೇಗೆ ಸಾಗುತ್ತದೆಂದು ನಕ್ಷೆ ಬರೆಯಬೇಕು. ನಿಧಾನ ಇಳಿತಗಳ ನಡುವೆ ಹಠಾತ್ ಜಿಗಿತಗಳು ಕಂಡರೆ, ಒಂದೇ ದಾಖಲೆ ಇಡೀ ಮೊತ್ತವನ್ನು ಆಳುತ್ತಿದ್ದರೆ, ದಾಖಲೆಗಳು ಹೆಚ್ಚಿದಂತೆ ಲೆಕ್ಕಕ್ಕೆ ಸಿಗುವ ಪ್ರಮಾಣಿತ ವಿಚಲನೆಯೂ ಬೆಳೆಯುತ್ತಿದ್ದರೆ ಸಂಶಯಪಡಲೇಬೇಕು. ಶೂನ್ಯದ ಹತ್ತಿರ ಬರಬಲ್ಲ ಸಂಖ್ಯೆಯಿಂದ ಭಾಗಿಸಿ ಪಡೆದ ಅನುಪಾತಗಳಲ್ಲಿ ಇದು ಹೆಚ್ಚು. ಶೂನ್ಯದ ಸುತ್ತ ಹರಡಿದ ಎರಡು ಸ್ವತಂತ್ರ ಘಂಟೆಯಾಕಾರದ ಸಂಖ್ಯೆಗಳ ಅನುಪಾತ ಕೋಶಿ ವಿತರಣೆಯೇ ಆಗಿರುತ್ತದೆ.

ನಿಜವಾದ ತೀರಕ್ಕೆ ಕೊನೆಯಿದೆಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ತೀರವನ್ನು ಎರಡೂ ಕಡೆ 1000 ಕಿಲೋಮೀಟರ್‌ಗೆ ಕತ್ತರಿಸಿದರೆ ನಿರೀಕ್ಷಿತ ಮೌಲ್ಯ ಅಸ್ತಿತ್ವಕ್ಕೆ ಬರುತ್ತದೆ, ಅದು 0. ಬೃಹತ್ ಸಂಖ್ಯೆಗಳ ನಿಯಮವೂ ಮರಳುತ್ತದೆ. ಆದರೆ ಒಂದು ದಾಖಲೆಯ ಪ್ರಮಾಣಿತ ವಿಚಲನೆ ಆಗಲೂ 25 ಕಿಲೋಮೀಟರ್ ಇರುತ್ತದೆ. 100 ದಾಖಲೆಗಳ ಮಧ್ಯಾಂಕ ಕೊಡುವ ನಿಖರತೆಯನ್ನು ಸರಾಸರಿಯಿಂದ ಪಡೆಯಲು ಆ ತೀರದಲ್ಲಿ ಸುಮಾರು 26 ಸಾವಿರ ದಾಖಲೆಗಳು ಬೇಕಾಗುತ್ತವೆ.